ತೂಗುವ ಸರಪಳಿಯ ತುದಿಯಲ್ಲಿ ಸಿಗುವ ಘಾತ

ಒಂದು ಮೀಟರ್ ಉದ್ದದ ಸರಪಳಿಯನ್ನು ಮೇಲೆ ಕೊಕ್ಕೆಗೆ ಸಿಕ್ಕಿಸಿ, ಕೆಳತುದಿಯನ್ನು ಹಾಗೇ ಬಿಡಿ. ಪಕ್ಕಕ್ಕೆ ಸ್ವಲ್ಪ ಸರಿಸಿದರೆ ಅದು ಓಲಾಡತೊಡಗುತ್ತದೆ. ಎಲ್ಲ ಕೊಂಡಿಗಳೂ ಒಟ್ಟಿಗೆ ಹೋಗಿ ಒಟ್ಟಿಗೆ ಮರಳುವ ಸಾವಧಾನದ ಓಲಾಟವೊಂದಿದೆ. ಅದು ಒಮ್ಮೆ ಹೋಗಿ ಬರಲು ಎಷ್ಟು ಹೊತ್ತು ಬೇಕು? ಸರಪಳಿಯ ಬದಲು ದಾರಕ್ಕೆ ಗುಂಡು ಕಟ್ಟಿದ ಲೋಲಕವಿದ್ದಿದ್ದರೆ ಪ್ರೌಢಶಾಲೆಯ ಸೂತ್ರದಿಂದಲೇ 2.01 ಸೆಕೆಂಡು ಎಂದು ಹೇಳಿಬಿಡಬಹುದಿತ್ತು. ಸರಪಳಿಗೆ ಆ ಸೂತ್ರ ನಡೆಯುವುದಿಲ್ಲ. ಅದರ ತೂಕ ಒಂದೇ ಕಡೆ ಇಲ್ಲ, ಉದ್ದಕ್ಕೂ ಹರಡಿದೆ. ಓಲಾಡುವಾಗ ಅದು ಬಾಗುತ್ತದೆ, ಎಲ್ಲಿ ಎಷ್ಟು ಬಾಗಬೇಕೆಂಬುದನ್ನು ತಾನೇ ನಿರ್ಧರಿಸಿಕೊಳ್ಳುತ್ತದೆ.

ಈ ಪ್ರಶ್ನೆಯನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನ ಅಕಾಡೆಮಿಯಲ್ಲಿದ್ದ ಡೇನಿಯಲ್ ಬರ್ನೂಲಿ ಎತ್ತಿಕೊಂಡ. 1732–33ನೇ ಸಾಲಿನ ಅಕಾಡೆಮಿ ಸಂಪುಟದಲ್ಲಿ, ಅಂದರೆ 1738ರಲ್ಲಿ ಅಚ್ಚಾಗಿ ಹೊರಬಂದ ಲೇಖನದಲ್ಲಿ, ಅವನು ಉತ್ತರವನ್ನು ಮುಗಿಯದ ಶ್ರೇಣಿಯ ರೂಪದಲ್ಲಿ ಕೊಟ್ಟ. ಆ ಶ್ರೇಣಿಗೆ ಆಗ ಹೆಸರಿರಲಿಲ್ಲ. ಇವತ್ತು ಅದನ್ನು ಬೆಸೆಲ್ ಫಲನ ಎನ್ನುತ್ತೇವೆ. ಆ ಹೆಸರಿನ ಖಗೋಳಜ್ಞ ಫ್ರೀಡ್ರಿಶ್ ಬೆಸೆಲ್ ಹುಟ್ಟಿದ್ದೇ 1784ರಲ್ಲಿ. ಇಂಥ ಶ್ರೇಣಿಗಳನ್ನು ಯಾವ ಸಮೀಕರಣಕ್ಕೆ ಹೇಗೆ ಕಟ್ಟಬೇಕು, ಎಲ್ಲಿ ಅವು ಕೈಕೊಡುತ್ತವೆ ಎಂಬ ಪೂರ್ತಿ ಲೆಕ್ಕಾಚಾರ ಸಿದ್ಧವಾಗಲು ಇನ್ನೂ ಸಮಯ ಹಿಡಿಯಿತು. 1866ರಲ್ಲಿ ಲಾಜರಸ್ ಫುಕ್ಸ್, 1873ರಲ್ಲಿ ಫರ್ಡಿನಾಂಡ್ ಗೆಯಾರ್ಗ್ ಫ್ರೊಬೇನಿಯಸ್, ಇಬ್ಬರೂ ಜರ್ಮನ್ ಗಣಿತಜ್ಞರು, ಅದನ್ನು ಒಂದು ನೆಲೆಗೆ ತಂದರು. ಬಿ.ಎಸ್ಸಿ. ಅಥವಾ ಇಂಜಿನಿಯರಿಂಗ್ ಓದಿದವರು ಇದನ್ನು ಫ್ರೊಬೇನಿಯಸ್ ವಿಧಾನವೆಂದು ಪರೀಕ್ಷೆಗಾಗಿ ಕಲಿತಿರುತ್ತಾರೆ. ಸರಪಳಿಯನ್ನು ಕಣ್ಮುಂದೆ ಇಟ್ಟುಕೊಂಡರೆ ಆ ವಿಧಾನದ ಒಂದೊಂದು ಹೆಜ್ಜೆಗೂ ಕಾರಣ ಕಾಣುತ್ತದೆ.

ಮೊದಲು ಸಮೀಕರಣ. ಎತ್ತರವನ್ನು ಕೆಳತುದಿಯಿಂದ ಅಳೆಯೋಣ. ಅಲ್ಲಿಂದ x ಎತ್ತರದಲ್ಲಿರುವ ಕೊಂಡಿ ನೆಟ್ಟಗಿನ ಗೆರೆಯಿಂದ ಪಕ್ಕಕ್ಕೆ y ದೂರ ಸರಿದಿದೆ ಎನ್ನೋಣ. ಆ ಕೊಂಡಿಯ ಮೇಲಿರುವ ಬಿಗಿತ ಎಷ್ಟು? ತನ್ನ ಕೆಳಗಿರುವ ಸರಪಳಿಯ ತೂಕದಷ್ಟು. ಆದ್ದರಿಂದ ಬಿಗಿತ x ಜೊತೆಗೆ ಏರುತ್ತದೆ: ಕೊಕ್ಕೆಯ ಬಳಿ ಅತಿ ಹೆಚ್ಚು, ಕೆಳತುದಿಯಲ್ಲಿ ಸೊನ್ನೆ. ಈ ಸೊನ್ನೆಯನ್ನು ನೆನಪಿಡಿ, ಮುಂದಿನ ಕಥೆಯೆಲ್ಲ ಅದರಿಂದಲೇ ಹುಟ್ಟುತ್ತದೆ. ಸರಪಳಿ ಓರೆಯಾಗಿರುವ ಕಡೆ ಬಿಗಿತದ ಒಂದು ಪಾಲು ಪಕ್ಕಕ್ಕೆ ಎಳೆಯುತ್ತದೆ. ಆ ಪಾಲು ಬಿಗಿತ ಮತ್ತು ಓರೆಗಳ ಗುಣಲಬ್ಧ, ಅಂದರೆ x ಗುಣಿಸು y′ ಇದ್ದಂತೆ. ಪುಟ್ಟ ತುಂಡೊಂದರ ಮೇಲಿನ ಅಂಚಿನಲ್ಲೂ ಕೆಳ ಅಂಚಿನಲ್ಲೂ ಈ ಎಳೆತದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅಷ್ಟೇ ಆ ತುಂಡನ್ನು ವೇಗಗೊಳಿಸುತ್ತದೆ. ಎಲ್ಲ ಕೊಂಡಿಗಳೂ ಒಂದೇ ಲಯದಲ್ಲಿ ಓಲಾಡುವಾಗ ವೇಗೋತ್ಕರ್ಷ y ಗೆ ಅನುಪಾತದಲ್ಲಿ, ಅದರ ವಿರುದ್ಧ ದಿಕ್ಕಿನಲ್ಲಿ ಇರುತ್ತದೆ. ಇವಿಷ್ಟನ್ನು ಜೋಡಿಸಿದರೆ ಸಿಗುವ ಅವಕಲ ಸಮೀಕರಣ ಇದು:

x y″ + y′ + λ y = 0

ಇಲ್ಲಿ λ ಎಂಬುದು ω²/g. ω ಓಲಾಟದ ಕೋನೀಯ ಆವೃತ್ತಿ, g ಗುರುತ್ವದ ವೇಗೋತ್ಕರ್ಷ. ಸರಪಳಿ ಕಬ್ಬಿಣದ್ದೋ ಹಿತ್ತಾಳೆಯದ್ದೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಬಿಗಿತದಲ್ಲೂ ಜಡತ್ವದಲ್ಲೂ ಅದೇ ತೂಕ ಬರುವುದರಿಂದ ಎರಡೂ ಕಡೆ ಹೊಡೆದುಹೋಗುತ್ತದೆ.

ನೋಡಲು ಸೌಮ್ಯವಾದ ಸಮೀಕರಣ. ಆದರೆ y″ ಎಷ್ಟೆಂದು ಬಿಡಿಸಿ ಬರೆಯಲು ಹೋದರೆ ಇಡೀ ಸಮೀಕರಣವನ್ನು x ನಿಂದ ಭಾಗಿಸಬೇಕು. ಆಗ y′ ಮುಂದೆ 1/x, y ಮುಂದೆ λ/x ಬಂದು ಕೂರುತ್ತವೆ. x = 0 ಆದ ಕೂಡಲೇ ಎರಡೂ ಅನಂತವಾಗುತ್ತವೆ. ಇಂಥ ಬಿಂದುವಿಗೆ ಸಿಂಗ್ಯುಲರ್ ಬಿಂದು ಎನ್ನುತ್ತಾರೆ. ಬಿಗಿತ ಸೊನ್ನೆಯಾದ ಕೆಳತುದಿಯೇ ಇಲ್ಲಿ ಸಿಂಗ್ಯುಲರ್ ಬಿಂದು. ಆ ಜಾಗದಲ್ಲಿ ಸ್ಥಾನ ಮತ್ತು ಓರೆ ಎರಡನ್ನೂ ನಮಗೆ ಬೇಕಾದಂತೆ ಗೊತ್ತುಮಾಡಿ, ಅಲ್ಲಿಂದ ಮುಂದೆ ಲೆಕ್ಕ ಸಾಗಿಸುವ ಸ್ವಾತಂತ್ರ್ಯ ಇರುವುದಿಲ್ಲ.

ಹಾಗಿದ್ದರೆ ಆ ತುದಿಯ ಗೊಡವೆಯೇ ಬೇಡ, ಮೇಲೆ ಕೊಕ್ಕೆಯ ಬಳಿಯಿಂದ ಶ್ರೇಣಿ ಶುರು ಮಾಡೋಣ ಎಂದು ಯಾರಿಗಾದರೂ ಅನಿಸಬಹುದು. ಕೊಕ್ಕೆಯ ಬಳಿ ಸಮೀಕರಣಕ್ಕೆ ಯಾವ ಕಾಯಿಲೆಯೂ ಇಲ್ಲ, ಸಾಮಾನ್ಯ ಘಾತಶ್ರೇಣಿ ಧಾರಾಳವಾಗಿ ನಡೆಯುತ್ತದೆ. ತೊಂದರೆ ಬೇರೆ ಕಡೆ ಇದೆ. ಒಂದು ಬಿಂದುವಿನ ಸುತ್ತ ಕಟ್ಟಿದ ಶ್ರೇಣಿ ಅತಿ ಹತ್ತಿರದ ಸಿಂಗ್ಯುಲರ್ ಬಿಂದುವಿನವರೆಗೆ ಮಾತ್ರ ಒಮ್ಮುಖವಾಗುತ್ತದೆ ಎಂಬ ಭರವಸೆ ನಮಗಿರುವುದು. ಕೊಕ್ಕೆಯಿಂದ ಆ ಬಿಂದುವಿಗಿರುವ ದೂರ ಸರಿಯಾಗಿ ಸರಪಳಿಯ ಉದ್ದದಷ್ಟೇ. ಅಂದರೆ ನಮ್ಮ ಶ್ರೇಣಿ ಕೆಳತುದಿಗೆ ಬರುವಷ್ಟರಲ್ಲಿ ಉಸಿರು ಕಳೆದುಕೊಳ್ಳುತ್ತದೆ, ಮತ್ತು ಸರಪಳಿ ಅಲ್ಲಿ ಹೇಗೆ ವರ್ತಿಸಬೇಕೆಂಬ ನಿಯಮ ನಮಗೆ ಬೇಕಾಗಿರುವುದೂ ಅಲ್ಲಿಯೇ. ಆದ್ದರಿಂದ ಕಷ್ಟದ ತುದಿಯಿಂದಲೇ ಆರಂಭಿಸುವುದು ಜಾಣತನ.

ಅದೃಷ್ಟಕ್ಕೆ ಈ ಕಷ್ಟ ಒಂದು ಮಿತಿಯೊಳಗಿದೆ. y′ ನ ಸಹಗುಣಕವನ್ನು x ನಿಂದ ಗುಣಿಸಿ ನೋಡಿ: 1/x ಹೋಗಿ 1 ಉಳಿಯುತ್ತದೆ. y ನ ಸಹಗುಣಕವನ್ನು x² ನಿಂದ ಗುಣಿಸಿ: λx ಉಳಿಯುತ್ತದೆ. ಎರಡೂ ಈಗ ಸೊನ್ನೆಯಲ್ಲಿ ಸುಸೂತ್ರವಾಗಿವೆ. ಮೊದಲನೆಯದಕ್ಕೆ ಒಂದು x, ಎರಡನೆಯದಕ್ಕೆ ಎರಡು x, ಇಷ್ಟರಲ್ಲೇ ಅನಂತ ಅಡಗಿತೆಂದರೆ ಅದು ರೆಗ್ಯುಲರ್ ಸಿಂಗ್ಯುಲರ್ ಬಿಂದು. ಈ ಅಳತೆಗೋಲು ಎಲ್ಲಿಂದ ಬಂತು? ಒಂದು ಸಲ ಅವಕಲನ ಮಾಡಿದರೆ x ನ ಘಾತ ಒಂದು ಇಳಿಯುತ್ತದೆ, ಎರಡು ಸಲ ಮಾಡಿದರೆ ಎರಡು ಇಳಿಯುತ್ತದೆ. y ಎಂಬುದು x ನ ಯಾವುದೋ ಘಾತದಂತೆ ವರ್ತಿಸಿದರೆ y″, y′/x, y/x² ಮೂರೂ ಒಂದೇ ಘಾತಕ್ಕೆ ಇಳಿದು ಸಮಬಲದಲ್ಲಿ ನಿಲ್ಲುತ್ತವೆ. ಸಹಗುಣಕಗಳು ಅದಕ್ಕಿಂತ ಜೋರಾಗಿ ಅನಂತಕ್ಕೆ ಹೋಗದಿದ್ದರೆ, y ಘಾತದಂತೆ ವರ್ತಿಸಬಹುದೆಂಬ ಊಹೆಗೆ ನೆಲೆ ಇರುತ್ತದೆ. ಫುಕ್ಸ್ ಸಾಧಿಸಿ ತೋರಿಸಿದ ಮುಖ್ಯ ಸಂಗತಿ ಇದೇ.

ಯಾವ ಘಾತ? ಅದನ್ನು ನಾವು ಮೊದಲೇ ಹೇಳಿಬಿಡಬಾರದು. ಸಾಮಾನ್ಯ ಘಾತಶ್ರೇಣಿ 1, x, x² ಎಂದು ಪೂರ್ಣಾಂಕಗಳಲ್ಲೇ ನಡೆಯುತ್ತದೆ. ಇಲ್ಲಿ ಆ ಪಟ್ಟು ಬಿಟ್ಟು, ಮೊದಲ ಪದದ ಘಾತವನ್ನು r ಎಂದು ಗೊತ್ತಿಲ್ಲದ ಸಂಖ್ಯೆಯಾಗಿಯೇ ಇಡುತ್ತೇವೆ. ಅದು ಭಿನ್ನರಾಶಿಯಾಗಿರಬಹುದು, ಋಣಸಂಖ್ಯೆಯಾಗಿರಬಹುದು.

y = a₀ xʳ + a₁ xʳ⁺¹ + a₂ xʳ⁺² + …

ಇದನ್ನು ಸರಪಳಿಯ ಸಮೀಕರಣದೊಳಗೆ ಹಾಕೋಣ. x y″ ಮತ್ತು y′ ಎರಡೂ ಪ್ರತಿ ಪದದ ಘಾತವನ್ನು ಒಂದು ಇಳಿಸುತ್ತವೆ. ಘಾತ s ಇರುವ ಪದಕ್ಕೆ ಅವೆರಡರಿಂದ ಬರುವ ಗುಣಕ s(s−1) + s, ಅಂದರೆ s². λy ಮಾತ್ರ ಘಾತವನ್ನು ಇದ್ದಲ್ಲೇ ಬಿಡುತ್ತದೆ. ಈಗ ಎಲ್ಲಕ್ಕಿಂತ ಕೆಳಗಿನ ಘಾತ ಯಾವುದೆಂದು ನೋಡಿ: xʳ⁻¹. ಅದಕ್ಕೆ ಪಾಲು ಕೊಡುವುದು a₀ ಪದವೊಂದೇ; λy ಅಷ್ಟು ಕೆಳಗೆ ಇಳಿಯುವುದಿಲ್ಲ. ಆದ್ದರಿಂದ ಅದನ್ನು ಹೊಡೆದುಹಾಕಲು ಜೊತೆಗಾರರೇ ಇಲ್ಲ, ಅದು ತಾನಾಗಿಯೇ ಸೊನ್ನೆಯಾಗಬೇಕು. a₀ ಮೊದಲ ಪದವಾದ್ದರಿಂದ ಸೊನ್ನೆಯಾಗುವಂತಿಲ್ಲ. ಉಳಿದದ್ದು ಇಷ್ಟೇ:

r² = 0

ಇದೇ ಇಂಡಿಷಿಯಲ್ ಸಮೀಕರಣ. ಅವಕಲ ಸಮೀಕರಣವೆಂಬ ದೊಡ್ಡ ಪ್ರಶ್ನೆ ಆ ಬಿಂದುವಿನ ಹತ್ತಿರ ಕುಗ್ಗುತ್ತ ಕುಗ್ಗುತ್ತ ಒಂದು ವರ್ಗಸಮೀಕರಣವಾಗಿ ನಿಂತಿದೆ. ಅದರಲ್ಲಿ λ ಇಲ್ಲದಿರುವುದನ್ನು ಗಮನಿಸಿ. ಸರಪಳಿ ಎಷ್ಟು ಬೇಗ ಓಲಾಡಿದರೂ ತುದಿಯಲ್ಲಿ ಅದು ತಾಳಬಹುದಾದ ಘಾತ ಅದೇ. ತುದಿ ಕೇಳುವುದು ಬಿಗಿತ ಹೇಗೆ ಸೊನ್ನೆಗೆ ಇಳಿಯುತ್ತದೆ ಎಂಬುದೊಂದನ್ನೇ. ಇಡೀ ವಿಧಾನದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು.

ಇಲ್ಲಿ ಎರಡು ಮೂಲಗಳೂ ಒಂದೇ: ಸೊನ್ನೆ. ಮುಂದಿನ ಘಾತಗಳನ್ನು ಒಂದೊಂದಾಗಿ ಹೊಂದಿಸಿದರೆ ಪ್ರತಿ ಸಹಗುಣಕವೂ ಹಿಂದಿನದರಿಂದ ಹುಟ್ಟುತ್ತದೆ:

(r + n)² aₙ = −λ aₙ₋₁

r = 0 ಎಂದಿಟ್ಟು, a₀ = 1 ಎಂದುಕೊಂಡು ಮುಂದೆ ಹೋದರೆ

y₁ = 1 − λx + (λx)²/4 − (λx)³/36 + (λx)⁴/576 − (λx)⁵/14400 + …

ಛೇದಗಳೆಲ್ಲ 1, 2, 6, 24, 120 ಎಂಬ ಕ್ರಮಗುಣಿತಗಳ ವರ್ಗಗಳು. ಅವು ಬೆಳೆಯುವ ರಭಸಕ್ಕೆ x ಎಷ್ಟೇ ದೊಡ್ಡದಾದರೂ ಶ್ರೇಣಿ ಒಮ್ಮುಖವಾಗುತ್ತದೆ. ಬರ್ನೂಲಿ ಕೊಟ್ಟದ್ದು ಇದೇ ಶ್ರೇಣಿಯನ್ನು.

ಇನ್ನು ಕೊಕ್ಕೆಯ ಷರತ್ತು. x = L ಆದಲ್ಲಿ ಸರಪಳಿ ಅಲುಗಾಡುವಂತಿಲ್ಲ, ಅಂದರೆ y ಸೊನ್ನೆ. λL ಅನ್ನು z ಎಂದು ಕರೆದರೆ ಶ್ರೇಣಿಯನ್ನು ಸೊನ್ನೆ ಮಾಡುವ z ಬೇಕು. ಎಷ್ಟು ಪದ ಹಿಡಿಯಬೇಕು? ಎರಡೇ ಪದ ಹಿಡಿದರೆ z = 1 ಬರುತ್ತದೆ. ಮೂರು ಪದ ಹಿಡಿದರೆ 1 − z + z²/4, ಅದು (1 − z/2) ರ ವರ್ಗ; z = 2 ರಲ್ಲಿ ಸೊನ್ನೆಯನ್ನು ಮುಟ್ಟಿ ಮತ್ತೆ ಮೇಲೇಳುತ್ತದೆ, ದಾಟುವುದೇ ಇಲ್ಲ. ಮೂರನೇ ಪದಕ್ಕೇ ನಿಲ್ಲಿಸಿದವರು ದಾರಿ ತಪ್ಪಿದರೆಂದೇ ಅರ್ಥ. ನಾಲ್ಕನೆಯದನ್ನು ಸೇರಿಸಿದ ಕೂಡಲೇ ಉತ್ತರ 1.43 ರ ಆಸುಪಾಸಿಗೆ ಬರುತ್ತದೆ. ಏಳು ಪದ ಹಿಡಿದು z = 1.4 ಹಾಕಿದರೆ ಮೊತ್ತ 0.0201; z = 1.5 ಹಾಕಿದರೆ −0.0230. ಸೊನ್ನೆ ಇವೆರಡರ ನಡುವೆ ಇದೆ. ಇನ್ನಷ್ಟು ಹಿಡಿದು ನೋಡಿದರೆ z = 1.4458. ಧನ, ಋಣ ಎಂದು ಪದಗಳ ಚಿಹ್ನೆ ಬದಲಾಗುತ್ತ, ಗಾತ್ರ ಕುಗ್ಗುತ್ತ ಹೋಗುವುದರಿಂದ ಮೊತ್ತದಲ್ಲಿ ಉಳಿದ ತಪ್ಪು ನಾವು ಬಿಟ್ಟ ಮೊದಲ ಪದಕ್ಕಿಂತ ಹೆಚ್ಚಿರಲಾರದು. ಎಲ್ಲಿ ನಿಲ್ಲಿಸಬಹುದೆಂದು ಶ್ರೇಣಿಯೇ ತಿಳಿಸುತ್ತದೆ.

z ಎಂದರೆ ω²L/g. ಒಂದು ಮೀಟರ್ ಸರಪಳಿಗೆ g = 9.8 ಎಂದಿಟ್ಟರೆ ω² = 14.17, ω = 3.764, ಒಂದು ಓಲಾಟದ ಅವಧಿ 1.67 ಸೆಕೆಂಡು. ಹತ್ತು ಓಲಾಟಕ್ಕೆ 16.7 ಸೆಕೆಂಡು, ಕೈಗಡಿಯಾರವಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಅದೇ ಉದ್ದದ ಗಟ್ಟಿ ಸರಳು ಮೇಲ್ತುದಿಯಿಂದ ತೂಗಿದರೆ 1.64 ಸೆಕೆಂಡು ತೆಗೆದುಕೊಳ್ಳುತ್ತದೆ. ಬಾಗುವ ಸ್ವಾತಂತ್ರ್ಯವಿರುವ ಸರಪಳಿ ಸರಳಿಗಿಂತ ತುಸು ನಿಧಾನ.

ಶ್ರೇಣಿಗೆ ಮತ್ತೂ ಸೊನ್ನೆಗಳಿವೆ. ಎರಡನೆಯದು z = 7.618 ರಲ್ಲಿ. ಆಗ ಅವಧಿ 0.73 ಸೆಕೆಂಡು, ಸರಪಳಿಯ ಆಕಾರವೂ ಬೇರೆ: ಮೇಲ್ಭಾಗ ಒಂದು ಕಡೆ ಹೋದಾಗ ತುದಿ ಇನ್ನೊಂದು ಕಡೆ ಹೋಗುತ್ತದೆ, ನಡುವೆ ಒಂದು ಕೊಂಡಿ ಅಲುಗದೆ ನಿಲ್ಲುತ್ತದೆ. ಎಲ್ಲಿ? λx = 1.4458 ಆದಲ್ಲಿ, ಅಂದರೆ 1.4458 ಅನ್ನು 7.618 ರಿಂದ ಭಾಗಿಸಿದಷ್ಟು, ಕೆಳತುದಿಯಿಂದ 19 ಸೆಂಟಿಮೀಟರ್ ಮೇಲೆ. ಕೊಕ್ಕೆಯನ್ನು ಕೈಯಲ್ಲಿ ಹಿಡಿದು ಸರಿಯಾದ ಲಯದಲ್ಲಿ ಅಲುಗಿಸಿದರೆ ಈ ನಿಶ್ಚಲ ಬಿಂದು ಕಣ್ಣಿಗೇ ಕಾಣಿಸುತ್ತದೆ.

ಇದೇ ಶ್ರೇಣಿಯನ್ನು ಇನ್ನೂ ಮೇಲಿನ ಓಲಾಟಗಳಿಗೆ ಬಳಸುತ್ತ ಹೋದರೆ ಬೇರೊಂದು ತೊಡಕು ಎದುರಾಗುತ್ತದೆ. z = 100 ಎಂದಿಡಿ. ಶ್ರೇಣಿ ಒಮ್ಮುಖವಾಗುವುದರಲ್ಲಿ ಸಂಶಯವಿಲ್ಲ, ಆದರೆ ಹತ್ತನೇ ಘಾತದ ಪದದ ಗಾತ್ರ ಸುಮಾರು 76 ಲಕ್ಷ. ಅಂಥ ದೈತ್ಯ ಸಂಖ್ಯೆಗಳು ಒಂದನ್ನೊಂದು ಕಳೆದುಕೊಂಡು ಕೊನೆಗೆ ಉಳಿಯುವ ಉತ್ತರ 0.167. ಏಳೆಂಟು ಅಂಕಿಗಳಷ್ಟೇ ಹಿಡಿಯುವ ಕ್ಯಾಲ್ಕ್ಯುಲೇಟರ್‌ನಲ್ಲಿ ಹೀಗೆ ಕೂಡಿದರೆ ಸಿಗುವುದು ಬರೀ ಕಸ. ಅತಿ ದೊಡ್ಡ ಪದಕ್ಕೂ ಅಂತಿಮ ಮೊತ್ತಕ್ಕೂ ಎಷ್ಟು ಅಂಕಿಗಳ ಅಂತರವಿದೆಯೋ ಅಷ್ಟು ಅಂಕಿಗಳು ಕಳೆದುಹೋದವೆಂದು ತಿಳಿಯಬೇಕು. ಸಿಂಗ್ಯುಲರ್ ಬಿಂದುವಿನ ಹತ್ತಿರವೇ ಈ ಶ್ರೇಣಿಯ ನಿಜವಾದ ಬಲ.

ಇಲ್ಲಿಯವರೆಗೆ ಒಂದು ಸಂಗತಿಯನ್ನು ಪಕ್ಕಕ್ಕಿಟ್ಟಿದ್ದೆವು. ಎರಡನೇ ದರ್ಜೆಯ ಸಮೀಕರಣಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪರಿಹಾರಗಳಿರಬೇಕು. r² = 0 ನಮಗೆ ಕೊಟ್ಟದ್ದು ಒಂದೇ ಘಾತ, ಒಂದೇ ಶ್ರೇಣಿ. ಇನ್ನೊಂದು ಎಲ್ಲಿ ಹೋಯಿತು?

ಫ್ರೊಬೇನಿಯಸ್‌ನ ಜಾಣ್ಮೆ ಕಾಣುವುದು ಇಲ್ಲಿ. ಅವನು 1849ರಲ್ಲಿ ಬರ್ಲಿನ್‌ಗೆ ತಾಗಿದ ಶಾರ್ಲೊಟೆನ್‌ಬರ್ಗ್‌ನಲ್ಲಿ ಹುಟ್ಟಿದವನು, ವೈಯರ್‌ಸ್ಟ್ರಾಸ್‌ನ ಶಿಷ್ಯ. 1873ರ ಲೇಖನದ ಹೊತ್ತಿಗೆ ಇನ್ನೂ ಇಪ್ಪತ್ತರ ಹರೆಯದಲ್ಲೇ ಇದ್ದ. ಎರಡನೇ ಪರಿಹಾರದಲ್ಲಿ ಲಾಗರಿದಮ್ ಬರುತ್ತದೆಂದು ಫುಕ್ಸ್‌ಗೆ ಆಗಲೇ ಗೊತ್ತಿತ್ತು. ಅದನ್ನು ಹಿಡಿದು ತರುವ ಸುಲಭ ದಾರಿಯನ್ನು ಫ್ರೊಬೇನಿಯಸ್ ತೋರಿಸಿದ. r ಗೆ ಅವಸರದಿಂದ ಸೊನ್ನೆ ಹಾಕಬೇಡಿ, ಅದನ್ನು ಬದಲಾಗುವ ಸಂಖ್ಯೆಯಾಗಿಯೇ ಉಳಿಸಿಕೊಂಡು ಸಹಗುಣಕಗಳನ್ನೆಲ್ಲ ಕಟ್ಟಿ, ಎಂಬುದು ಅವನ ಉಪಾಯ. ಹೀಗೆ ಕಟ್ಟಿದ ಶ್ರೇಣಿಯನ್ನು ಸಮೀಕರಣದ ಎಡಬದಿಗೆ ಹಾಕಿದರೆ ಮೊದಲ ಪದವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊಡೆದುಹೋಗುತ್ತದೆ. ಉಳಿಯುವುದು r² xʳ⁻¹ ಮಾತ್ರ. ಈಗ ಇದನ್ನು r ಗೆ ಸಂಬಂಧಿಸಿ ಅವಕಲನ ಮಾಡಿ. r ವರ್ಗದಲ್ಲಿರುವುದರಿಂದ ಅವಕಲನವಾದ ಮೇಲೂ ಒಂದು r ಗುಣಕವಾಗಿ ಉಳಿಯುತ್ತದೆ, r = 0 ಹಾಕಿದಾಗ ಅದೂ ಸೊನ್ನೆ. ಹಾಗಾಗಿ ಶ್ರೇಣಿ ಮಾತ್ರವಲ್ಲ, r ಗೆ ಸಂಬಂಧಿಸಿದ ಅದರ ಅವಕಲನವೂ ಸಮೀಕರಣವನ್ನು ತೀರಿಸುತ್ತದೆ. ಒಂದೇ ಮೂಲ ಎರಡು ಸಲ ಬಂದದ್ದು ನಷ್ಟವೆಂದುಕೊಂಡಿದ್ದೆವು. ಎರಡನೇ ಪರಿಹಾರಕ್ಕೆ ಬಾಗಿಲು ತೆರೆದದ್ದು ಅದೇ.

xʳ ಅನ್ನು r ಗೆ ಸಂಬಂಧಿಸಿ ಅವಕಲನ ಮಾಡಿದರೆ xʳ ln x. ಲಾಗರಿದಮ್ ಒಳಬರುವುದು ಈ ದಾರಿಯಿಂದ. ಲೆಕ್ಕ ಮುಗಿಸಿದರೆ

y₂ = y₁ ln x + 2λx − (3/4)(λx)² + (11/108)(λx)³ − …

ತುದಿಗೆ ಹತ್ತಿರವಾದಂತೆ ln x ಕೆಳಗೆ ಕೆಳಗೆ ಇಳಿದು ಮಿತಿಯಿಲ್ಲದೆ ಹೋಗುತ್ತದೆ. ಅನಂತವಾಗುವ ಪರಿಹಾರ ಭೌತಿಕವಲ್ಲ ಎಂದು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಅದನ್ನು ತಳ್ಳಿಬಿಡುತ್ತವೆ. ನಿರ್ಣಯ ಸರಿ, ಆದರೆ ಆ ಕಾರಣ ಅರ್ಧ ಮಾತ್ರ. ತುದಿಯಲ್ಲಿ ಪಕ್ಕಕ್ಕಿರುವ ಎಳೆತ ಎಷ್ಟೆಂದು ನೋಡೋಣ. ಅದು x y′ ಗೆ ಅನುಪಾತದಲ್ಲಿದೆ. y₁ ಗೆ ತುದಿಯಲ್ಲಿ x y′ ಸೊನ್ನೆ. y₂ ನಲ್ಲಿ y′ ಎಂಬುದು 1/x ನಂತೆ ಬೆಳೆಯುವುದರಿಂದ x y′ ಸೊನ್ನೆಯಾಗದೆ 1 ರಲ್ಲಿ ನಿಲ್ಲುತ್ತದೆ. ಹಾಗೆಂದರೆ y₂ ಇರುವ ಸರಪಳಿಯ ಕೆಳತುದಿಯನ್ನು ಯಾರೋ ಪಕ್ಕಕ್ಕೆ ಎಳೆಯುತ್ತಿರಬೇಕು. ಬಿಗಿತವಿಲ್ಲದ ತುದಿ ಆ ಎಳೆತಕ್ಕೆ ತಡೆಯೊಡ್ಡಲಾರದೆ ಮಿತಿಮೀರಿ ಸರಿಯುತ್ತದೆ. ನಮ್ಮ ಸರಪಳಿಯ ತುದಿಯನ್ನು ಯಾರೂ ಮುಟ್ಟಿಲ್ಲ, ಆದ್ದರಿಂದ y₂ ಗೆ ಅಲ್ಲಿ ಜಾಗವಿಲ್ಲ.

ಹಾಗೆಂದು ಅದನ್ನು ಎಂದೆಂದಿಗೂ ಬಿಸಾಡಿದೆವು ಎಂದುಕೊಳ್ಳಬಾರದು. ಸರಪಳಿಯ ಕೆಳಗೆ ಒಂದು ಭಾರ ಕಟ್ಟಿ. ಆಗ ಕೆಳತುದಿಯಲ್ಲಿ ಬಿಗಿತ ಸೊನ್ನೆಯಲ್ಲ, ಆ ಭಾರದಷ್ಟು. ಸಮೀಕರಣ ಮಾತ್ರ ಬದಲಾಗುವುದಿಲ್ಲ. ಎತ್ತರವನ್ನು ಬೇರೆ ಕಡೆಯಿಂದ ಅಳೆದರೆ ಸಾಕು. ಆ ಭಾರವನ್ನೂ ಅದೇ ಸರಪಳಿಯ ತುಂಡೆಂದು ಭಾವಿಸಿ ಕೆಳಕ್ಕೆ ಚಾಚಿದರೆ ಅದು ಎಷ್ಟು ಉದ್ದವಾಗುತ್ತದೋ, ಬಿಗಿತ ಸೊನ್ನೆಯಾಗುವ ಬಿಂದು ಅಷ್ಟು ಕೆಳಗಿದೆ. ಮೀಟರಿಗೆ ಒಂದು ಕಿಲೋ ತೂಗುವ ಸರಪಳಿಗೆ 100 ಗ್ರಾಂ ಕಟ್ಟಿದರೆ ಸಿಂಗ್ಯುಲರ್ ಬಿಂದು ತುದಿಯಿಂದ 10 ಸೆಂಟಿಮೀಟರ್ ಕೆಳಗೆ, ಬರೀ ಗಾಳಿಯಲ್ಲಿ. ತೂಗುಮಣೆಯ ಸರಪಳಿಯೊಂದಕ್ಕೆ 30 ಕಿಲೋ ಭಾರ ಬಿದ್ದರೆ ಅದು 30 ಮೀಟರ್ ಕೆಳಗೆ, ನೆಲದೊಳಗೆ ಎಲ್ಲೋ. ಸರಪಳಿ ಆ ಬಿಂದುವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಲಾಗರಿದಮ್ಮಿಗೆ ಹೆದರುವ ಕಾರಣ ಹೋಯಿತು. ಈಗ y₁ ಒಂದರಿಂದ ಕೆಲಸ ಸಾಗುವುದಿಲ್ಲ. ಮೇಲೆ ಕೊಕ್ಕೆಯಲ್ಲಿ y ಸೊನ್ನೆಯಾಗಬೇಕು, ಕೆಳಗೆ ಭಾರದ ಚಲನೆ ಸರಪಳಿಯ ಎಳೆತಕ್ಕೆ ಹೊಂದಬೇಕು. ಎರಡೂ ಷರತ್ತು ತೀರಲು y₁, y₂ ಎರಡನ್ನೂ ಬೆರೆಸಲೇಬೇಕು. ಭಾರ ಹೆಚ್ಚಿಸುತ್ತ ಹೋದಂತೆ ಒಂದು ಮೀಟರ್ ಸರಪಳಿಯ ಅವಧಿ 1.67 ಸೆಕೆಂಡಿನಿಂದ ಲೋಲಕದ 2.01 ಸೆಕೆಂಡಿನತ್ತ ಸರಿಯುತ್ತದೆ. ಸಿಂಗ್ಯುಲರ್ ಬಿಂದು ನಮ್ಮ ವಸ್ತುವಿನ ಒಳಗಿದೆಯೋ ಹೊರಗಿದೆಯೋ ಎಂದು ನೋಡದೆ ಲಾಗರಿದಮ್ಮನ್ನು ಅಳಿಸಿಹಾಕುವುದು ಈ ವಿಧಾನದಲ್ಲಿ ವಿದ್ಯಾರ್ಥಿಗಳು ಸುಲಭವಾಗಿ ಎಡವುವ ಜಾಗ.

ಮೂಲಗಳು ಬೇರೆಬೇರೆಯಾದರೆ ಏನಾಗುತ್ತದೆ? ಸರಪಳಿಯ ದಪ್ಪವನ್ನೇ ಬದಲಾಯಿಸೋಣ. ಕೆಳಗೆ ಬರುತ್ತ ತೆಳುವಾಗುವ, ತೂಕ x ನ m-ನೇ ಘಾತದಂತೆ ಇಳಿಯುವ ಸರಪಳಿಯೊಂದನ್ನು ಊಹಿಸಿಕೊಳ್ಳಿ. ಅದೇ ಬಗೆಯ ಲೆಕ್ಕದಿಂದ ಬರುವುದು

x y″ + (m + 1) y′ + (m + 1) λ y = 0

ಇದರ ಇಂಡಿಷಿಯಲ್ ಸಮೀಕರಣ r(r + m) = 0; ಮೂಲಗಳು 0 ಮತ್ತು −m. m ಅರ್ಧವಾದರೆ ಮೂಲಗಳು 0 ಮತ್ತು −1/2. ಒಂದು ಶ್ರೇಣಿ ಪೂರ್ಣಾಂಕ ಘಾತಗಳಲ್ಲೇ ನಡೆಯುತ್ತದೆ, ಇನ್ನೊಂದು ಅರ್ಧರ್ಧ ಘಾತಗಳಲ್ಲಿ. ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ, ಎರಡೂ ಪರಿಹಾರ ಸಲೀಸಾಗಿ ಸಿಗುತ್ತವೆ, ಲಾಗರಿದಮ್ ಬೇಕಿಲ್ಲ.

m = 1 ಆದಾಗ ಇಕ್ಕಟ್ಟು. ಮೊನೆ ಕೆಳಗೆ ಮಾಡಿ ನೇತುಹಾಕಿದ ತ್ರಿಕೋನಾಕಾರದ ಬಟ್ಟೆಗೆ ಈ ಸಮೀಕರಣ ಒಪ್ಪುತ್ತದೆ. ಮೂಲಗಳು 0 ಮತ್ತು −1, ಅವುಗಳ ಅಂತರ ಪೂರ್ಣಾಂಕ. ದೊಡ್ಡ ಮೂಲದಿಂದ ತೊಂದರೆಯಿಲ್ಲ; ಶ್ರೇಣಿ 1 − λx + (λx)²/3 − (λx)³/18 + … ಎಂದು ಸಾಗಿ, λL = 1.835 ರಲ್ಲಿ ಸೊನ್ನೆಯಾಗುತ್ತದೆ. ಒಂದು ಮೀಟರ್ ಬಟ್ಟೆಗೆ ಅವಧಿ 1.48 ಸೆಕೆಂಡು. ಚಿಕ್ಕ ಮೂಲವಾದ −1 ರಿಂದ ಹೊರಟರೆ ಒಂದೇ ಹೆಜ್ಜೆಗೆ ಘಾತ 0 ಬರುತ್ತದೆ, ಅದಾಗಲೇ ಇನ್ನೊಂದು ಮೂಲದ ಜಾಗ. ಅಲ್ಲಿ ಸಹಗುಣಕದ ನಿಯಮ ಹೀಗಾಗುತ್ತದೆ:

0 · a₁ = −2λ a₀

ಎಡಗಡೆ ಸೊನ್ನೆ, ಬಲಗಡೆ ಸೊನ್ನೆಯಲ್ಲ. ಯಾವ a₁ ಹಾಕಿದರೂ ಇದು ತೀರದು. ಶ್ರೇಣಿ ಇಲ್ಲಿ ಮುರಿದು ಬೀಳುತ್ತದೆ, ಲಾಗರಿದಮ್ ಸೇರಿಸದೆ ಗತಿಯಿಲ್ಲ. ಆದರೆ ಅಂತರ ಪೂರ್ಣಾಂಕವಾದ ಮಾತ್ರಕ್ಕೆ ಪ್ರತಿಸಲವೂ ಹೀಗೇ ಆಗುತ್ತದೆಂದು ಹೇಳುವಂತಿಲ್ಲ. x²y″ + xy′ + (x² − 1/4)y = 0 ಎಂಬ ಸಮೀಕರಣಕ್ಕೆ ಮೂಲಗಳು 1/2 ಮತ್ತು −1/2; ಅಂತರ ಇಲ್ಲೂ ಒಂದೇ. ಅದೇ ಇಕ್ಕಟ್ಟಿನ ಹೆಜ್ಜೆಯಲ್ಲಿ ಇಲ್ಲಿ ಸಿಗುವುದು 0 · a₁ = 0. ಅದು ಯಾವ a₁ ಗೂ ಸರಿ. ಎರಡು ಪರಿಹಾರಗಳೂ ಲಾಗರಿದಮ್ ಇಲ್ಲದೆ ದೊರೆಯುತ್ತವೆ: √x ನಿಂದ ಭಾಗಿಸಿದ ಸೈನ್ ಮತ್ತು ಕೊಸೈನ್. ಆದ್ದರಿಂದ ಅಂತರ ಪೂರ್ಣಾಂಕವಾದಾಗ ಮೊದಲೇ ತೀರ್ಮಾನಿಸದೆ ಆ ಒಂದು ಹೆಜ್ಜೆಯವರೆಗೆ ಲೆಕ್ಕ ಮಾಡಿಯೇ ನೋಡಬೇಕು. ಮೂಲಗಳು ಒಂದೇ ಆದಾಗ ಮಾತ್ರ ಲಾಗರಿದಮ್ ಬಂದೇ ಬರುತ್ತದೆ ಎಂದು ಮುಂಚಿತವಾಗಿ ಹೇಳಬಹುದು.

ಸಹಗುಣಕ ಮಿತಿಗಿಂತ ಜೋರಾಗಿ ಅನಂತಕ್ಕೆ ಹೋದರೆ ಇದಾವುದೂ ನಡೆಯುವುದಿಲ್ಲ. ಮೊದಲ ದರ್ಜೆಯ x² y′ = y ಎಂಬ ಪುಟ್ಟ ಸಮೀಕರಣ ಸಾಕು ತೋರಿಸಲು. ಮೊದಲ ದರ್ಜೆಯಲ್ಲಿ ಒಂದು x ನಿಂದ ಅಡಗುವ ಅನಂತಕ್ಕಷ್ಟೇ ಅವಕಾಶ, ಇಲ್ಲಿ ಎರಡು ಬೇಕಾಗಿದೆ. ಅದೇ xʳ ಹಾಕಿ ನೋಡಿ: ಎಡಬದಿಯ ಅತಿ ಕೆಳಗಿನ ಘಾತ r + 1, ಬಲಬದಿಯದು r. ಕೆಳಗಿನ ಘಾತಕ್ಕೆ ಬಲಬದಿಯ a₀ ಒಂದೇ ಉಳಿದು, ಅದು ಸೊನ್ನೆಯಾಗಬೇಕಾಗುತ್ತದೆ. r ಗೆ ಸಮೀಕರಣವೇ ಹುಟ್ಟುವುದಿಲ್ಲ, ಯಾವ ಘಾತವೂ ಒಪ್ಪುವುದಿಲ್ಲ. ನಿಜವಾದ ಪರಿಹಾರ e ನ −1/x ಘಾತ. ಬಲಗಡೆಯಿಂದ ಸೊನ್ನೆಗೆ ಹತ್ತಿರವಾದರೆ ಅದು x ನ ಯಾವ ಘಾತಕ್ಕಿಂತಲೂ ವೇಗವಾಗಿ ಸಾಯುತ್ತದೆ, ಎಡಗಡೆಯಿಂದ ಬಂದರೆ ಯಾವ ಋಣಘಾತಕ್ಕಿಂತಲೂ ವೇಗವಾಗಿ ಸ್ಫೋಟಿಸುತ್ತದೆ. x ನ ಒಂದು ಘಾತದಿಂದ ಹೊರಡುವ ಶ್ರೇಣಿಯೊಳಗೆ ಅದನ್ನು ಹಿಡಿದಿಡಲಾಗದು. ಇಂಥ ಬಿಂದುಗಳಿಗೆ ಇರ್ರೆಗ್ಯುಲರ್ ಎಂದು ಹೆಸರು, ಅವುಗಳ ಬಳಿ ಬೇರೆಯೇ ಉಪಕರಣಗಳು ಬೇಕು.